ಕಿವಿಯೋಲೆಯಿಂದ ಚರ್ಮಕ್ಕೆ ಇಳಿಯುವ ನಿಕಲ್

ನನ್ನ ತಂಗಿಯ ಎರಡು ಜೊತೆ ಓಲೆಗಳನ್ನು ಒಂದು ಸಂಜೆ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಪರೀಕ್ಷಿಸಿದೆ. ಮೊದಲನೆಯ ಜೊತೆ ಚಿನ್ನದ ಬಣ್ಣದ್ದು. ಅದರ ಚೀಟಿಯ ಮೇಲೆ ‘ಹೈಪೋಅಲರ್ಜೆನಿಕ್’, ಅಂದರೆ ಅಲರ್ಜಿ ತರುವ ಸಾಧ್ಯತೆ ಕಡಿಮೆ, ಎಂದು ಅಚ್ಚಾಗಿತ್ತು. ಎರಡನೆಯದು 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನದು. ಈ ದರ್ಜೆಯ ಉಕ್ಕಿನಲ್ಲಿ ನೂರಕ್ಕೆ ಹತ್ತರಿಂದ ಹದಿನಾಲ್ಕು ಪಾಲು ನಿಕಲ್ ಇದ್ದೇ ಇರುತ್ತದೆ. ಹತ್ತಿ ಸುತ್ತಿದ ಕಡ್ಡಿಯ ತುದಿಗೆ ಡೈಮೀಥೈಲ್‌ಗ್ಲೈಆಕ್ಸಿಮ್ ದ್ರಾವಣದ ಒಂದು ಹನಿ, ಅಮೋನಿಯಾದ ಒಂದು ಹನಿ ಹಾಕಿ, ಓಲೆಯ ಕಡ್ಡಿಗೆ ಅರ್ಧ ನಿಮಿಷ ಉಜ್ಜಿದೆ. ನಿಕಲ್ ಬಿಡುಗಡೆಯಾಗುತ್ತಿದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಉಕ್ಕಿನ ಓಲೆಗೆ ಉಜ್ಜಿದ ಹತ್ತಿ ಬಿಳಿಯಾಗಿಯೇ ಉಳಿಯಿತು. ಚೀಟಿಯಲ್ಲಿ ಭರವಸೆ ಕೊಟ್ಟಿದ್ದ ಓಲೆಗೆ ಉಜ್ಜಿದ ಹತ್ತಿ ಮಾತ್ರ ಕೆಲವೇ ಕ್ಷಣಗಳಲ್ಲಿ ಗುಲಾಬಿಯಾಯಿತು. ತಂಗಿಯ ಕಿವಿ ತೂತಿನ ಸುತ್ತ ಕೆಂಪೇರಿ ನೀರು ಒಸರುತ್ತಿದ್ದುದು ಆ ಓಲೆಯನ್ನು ಹಾಕಿಕೊಂಡಾಗಲೇ.

ಲೋಹದೊಳಗೆ ಇರುವ ನಿಕಲ್‌ಗೂ ಅದರಿಂದ ಚರ್ಮಕ್ಕೆ ಇಳಿಯುವ ನಿಕಲ್‌ಗೂ ಇರುವ ಈ ಅಂತರ ವೈದ್ಯರಿಗೆ ಮತ್ತು ಕಾನೂನು ರೂಪಿಸುವವರಿಗೆ ಅರ್ಥವಾಗಲು ಸುಮಾರು ನೂರು ವರ್ಷಗಳೇ ಹಿಡಿದವು.

ಸ್ವೀಡನ್ನಿನ ಆಕ್ಸೆಲ್ ಕ್ರೋನ್‌ಸ್ಟೆಡ್ ನಿಕಲ್ಲನ್ನು ಪ್ರತ್ಯೇಕಿಸಿದ್ದು 1751ರಲ್ಲಿ. ಅದು ಜನರ ಚರ್ಮದ ಹತ್ತಿರ ಬಂದದ್ದು ಮಾತ್ರ ಹತ್ತೊಂಬತ್ತನೆಯ ಶತಮಾನದಲ್ಲಿ, ವಿದ್ಯುತ್ತಿನಿಂದ ಲೋಹಕ್ಕೆ ಲೇಪ ಕೊಡುವ ಉದ್ಯಮ ಬೆಳೆದಾಗ. ಲೇಪದ ತೊಟ್ಟಿಗಳಲ್ಲಿ ಕೈಯಿಟ್ಟು ದುಡಿಯುವವರ ಕೈ ಮತ್ತು ಮುಂಗೈಗಳಲ್ಲಿ ತುರಿಕೆಯ ಇಸುಬು ಏಳುವುದನ್ನು 1880ರ ದಶಕದ ಕೊನೆಯ ಹೊತ್ತಿಗೆ ಬರ್ಲಿನ್ನಿನ ವೈದ್ಯರು ದಾಖಲಿಸಿದರು. ಆದರೆ ತೊಟ್ಟಿಯಲ್ಲಿ ಆಮ್ಲವೂ ಇತ್ತು, ಕ್ಷಾರವೂ ಇತ್ತು. ಹೀಗಾಗಿ ಅದು ಯಾವುದೋ ಕಟುವಾದ ದ್ರವದಿಂದ ಚರ್ಮ ಕೆಟ್ಟದ್ದು ಎಂದೇ ಬಹುಕಾಲ ತಿಳಿಯಲಾಗಿತ್ತು. ಸಂಶಯವನ್ನು ಬಗೆಹರಿಸಿದ್ದು ಚರ್ಮವೈದ್ಯ ಯೋಸೆಫ್ ಯಾಡಾಸೋನ್ 1895ರಲ್ಲಿ ಮುಂದಿಟ್ಟ ಪಟ್ಟಿ ಪರೀಕ್ಷೆಯ ವಿಧಾನ. ಅನುಮಾನವಿರುವ ವಸ್ತುವನ್ನು ಸ್ವಲ್ಪವೇ ಚರ್ಮಕ್ಕೆ ಅಂಟಿಸಿ, ಕಾದು, ಆ ಜಾಗದಲ್ಲಿ ಏನಾಗುತ್ತದೆಂದು ನೋಡುವುದು ಆ ವಿಧಾನ. ಇದನ್ನೇ ಬಳಸಿ 1925ರಲ್ಲಿ ಜರ್ಮನಿಯ ವೈದ್ಯರು ತಪ್ಪು ನಿಕಲ್‌ನದೇ ಎಂದು ತೋರಿಸಿಕೊಟ್ಟರು.

ಅಲ್ಲಿಯವರೆಗೆ ಕಾರ್ಖಾನೆಯ ರೋಗವಾಗಿದ್ದ ಇದು ಮುಂದಿನ ದಶಕಗಳಲ್ಲಿ ಉಡುಪಿನೊಂದಿಗೆ ಮನೆಯೊಳಗೆ ಬಂತು. ಉದ್ದನೆಯ ಕಾಲುಚೀಲಗಳನ್ನು ತೊಡೆಯ ಮೇಲೆ ಹಿಡಿದಿಡುತ್ತಿದ್ದ ಲೋಹದ ಕ್ಲಿಪ್ಪುಗಳಿಂದಾಗಿ 1950ರ ದಶಕದ ಯುರೋಪಿನಲ್ಲಿ ಹೆಂಗಸರ ತೊಡೆಯ ಮೇಲೆ ಕ್ಲಿಪ್ಪಿನಷ್ಟೇ ಅಗಲದ ಇಸುಬು ಏಳುವುದು ಸಾಮಾನ್ಯವಾಯಿತು. ಲಂಡನ್ನಿನ ಚರ್ಮವೈದ್ಯ ಚಾರ್ಲ್ಸ್ ಕಾಲ್ನನ್ 1956ರಲ್ಲಿ ಇಂಥ ರೋಗಿಗಳ ವಿವರಗಳನ್ನು ಪ್ರಕಟಿಸಿದಾಗ ಇನ್ನೊಂದು ಸಂಗತಿಯೂ ಸ್ಪಷ್ಟವಾಯಿತು: ಲೋಹ ತಾಗಿದ ಜಾಗದಲ್ಲಿ ಶುರುವಾದ ಇಸುಬು, ಲೋಹ ತಾಗದ ಮೊಣಕೈ ಮಡಿಕೆ, ಕತ್ತು, ಕಣ್ಣುರೆಪ್ಪೆಗಳಲ್ಲಿಯೂ ಕಾಣಿಸಿಕೊಳ್ಳಬಹುದು. ಕಣ್ಣುರೆಪ್ಪೆಯ ತುರಿಕೆಗೆ ಕಾಡಿಗೆಯನ್ನು ದೂರುವವರು ಒಮ್ಮೆ ಕಿವಿಯನ್ನೂ ನೋಡಿಕೊಳ್ಳಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ. ಕಾಲುಚೀಲದ ಫ್ಯಾಷನ್ ಬದಲಾದಂತೆ ತೊಡೆಯ ಇಸುಬು ಕಡಿಮೆಯಾಯಿತು. 1970ರ ದಶಕದಲ್ಲಿ ಜೀನ್ಸ್‌ನ ಗುಂಡಿಯಿಂದ ಹೊಕ್ಕುಳ ಕೆಳಗೆ ಅದೇ ಇಸುಬು ಕಾಣಿಸಿಕೊಂಡಿತು. ಕಿವಿ ಚುಚ್ಚಿಸಿಕೊಳ್ಳುವುದು ಮತ್ತು ಅಗ್ಗದ ಓಲೆಗಳನ್ನು ದಿನಕ್ಕೊಂದರಂತೆ ಬದಲಾಯಿಸುವುದು ವ್ಯಾಪಕವಾದ ಮೇಲೆ ಕಿವಿಯೇ ಅದರ ಮುಖ್ಯ ನೆಲೆಯಾಯಿತು.

ಕಿವಿಯ ತೂತು ಬೇರೆ ಚರ್ಮದಂತಲ್ಲ. ಚುಚ್ಚಿದ ಹೊಸತರಲ್ಲಿ ಅಲ್ಲಿ ಚರ್ಮದ ಹೊರಪದರವೇ ಇರುವುದಿಲ್ಲ. ಲೋಹ ನೇರವಾಗಿ ಹಸಿ ಗಾಯದಲ್ಲಿ, ಒಸರುವ ದ್ರವದಲ್ಲಿ ಕೂತಿರುತ್ತದೆ. ಬೆವರಿನಲ್ಲಿಯೂ ಆ ದ್ರವದಲ್ಲಿಯೂ ಇರುವ ಉಪ್ಪಿನಂಶ ಲೋಹವನ್ನು ಕರಗಿಸಿ ನಿಕಲ್ ಅಯಾನುಗಳನ್ನು ಹೊರತರುತ್ತದೆ. ಅವು ದೇಹದ ಪ್ರೋಟೀನುಗಳಿಗೆ ಅಂಟಿಕೊಂಡಾಗ ರೋಗನಿರೋಧಕ ಕಣಗಳು ಅದನ್ನು ಪರಕೀಯವೆಂದು ಗುರುತಿಟ್ಟುಕೊಳ್ಳುತ್ತವೆ. ಹೀಗೆ ಗುರುತಾಗುವಾಗ ಹೊರಗೆ ಏನೂ ಕಾಣದೆ ಇರಬಹುದು. ಒಮ್ಮೆ ಗುರುತಾದ ಮೇಲೆ ಮಾತ್ರ ಆ ನೆನಪು ಸಾಮಾನ್ಯವಾಗಿ ಬದುಕಿನುದ್ದಕ್ಕೂ ಉಳಿಯುತ್ತದೆ, ಮತ್ತು ಮುಂದೆ ನಿಕಲ್ ತಾಗಿದಾಗಲೆಲ್ಲ ಒಂದರಿಂದ ಮೂರು ದಿನದೊಳಗೆ ನವೆ, ಕೆಂಪು, ಸಣ್ಣ ಗುಳ್ಳೆಗಳು ಏಳುತ್ತವೆ. ‘ಇಷ್ಟು ವರ್ಷ ಹಾಕಿಕೊಂಡರೂ ಏನೂ ಆಗಿರಲಿಲ್ಲ’ ಎಂಬ ಮಾತು ಅಲರ್ಜಿ ಇಲ್ಲವೆಂಬುದಕ್ಕೆ ಸಾಕ್ಷಿಯಾಗದಿರುವುದು ಇದರಿಂದಲೇ.

ಈ ಕಾಯಿಲೆಯನ್ನು ಬಂದ ಮೇಲೆ ಅಳಿಸಲಾಗದು, ಬರದಂತೆ ಮಾತ್ರ ತಡೆಯಬಹುದು ಎಂಬ ತಿಳಿವಳಿಕೆಯಿಂದಲೇ ಡೆನ್ಮಾರ್ಕ್ ಮೊದಲ ಹೆಜ್ಜೆ ಇಟ್ಟಿತು. ಚರ್ಮಕ್ಕೆ ಹೆಚ್ಚು ಹೊತ್ತು ತಾಗಿರುವ ವಸ್ತುಗಳಿಂದ ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಹೊರಬರಬಾರದು ಎಂಬ ನಿಯಮವನ್ನು ಅದು 1990ರ ಸುಮಾರಿಗೆ ಜಾರಿಗೆ ತಂದಿತು. ಫಲಿತಾಂಶವನ್ನು ಅಲ್ಲಿನ ಶಾಲಾ ಬಾಲಕಿಯರಲ್ಲಿ ಅಳೆದು ನೋಡಲಾಯಿತು: 1992ಕ್ಕೆ ಮೊದಲು ಕಿವಿ ಚುಚ್ಚಿಸಿಕೊಂಡವರಲ್ಲಿ ಶೇ. 17.1ರಷ್ಟು ಮಂದಿಗೆ ನಿಕಲ್ ಅಲರ್ಜಿ ಇತ್ತು, ನಂತರ ಚುಚ್ಚಿಸಿಕೊಂಡವರಲ್ಲಿ ಅದು ಶೇ. 3.9ಕ್ಕೆ ಇಳಿದಿತ್ತು. ಒಂದು ಲೋಹದ ಕಡ್ಡಿಯ ಮೇಲಿನ ನಿಯಮ ಇಷ್ಟು ಮಕ್ಕಳ ಕಿವಿ ಉಳಿಸಿತು ಎಂಬುದನ್ನು ಓದಿದಾಗ ನನಗೆ ಸಂತೋಷವಾಯಿತು. ಇಂಥ ನಿಯಮವಿಲ್ಲದ ಕಡೆಯ ಮಕ್ಕಳನ್ನು ನೆನೆದು ಸಂಕಟವೂ ಆಯಿತು.

ಯುರೋಪಿಯನ್ ಒಕ್ಕೂಟ 1994ರಲ್ಲಿ ಇದೇ ಹಾದಿ ಹಿಡಿಯಿತು, ಆದರೆ ಚುಚ್ಚಿದ ತೂತಿನಲ್ಲಿ ಮೊದಲಿಗೆ ಇಡುವ ಕಡ್ಡಿಗಳ ವಿಷಯದಲ್ಲಿ ಅಳತೆಗೋಲನ್ನು ಬೇರೆ ಮಾಡಿತು: ಆ ಲೋಹದೊಳಗೆ ನಿಕಲ್ ಶೇ. 0.05ಕ್ಕಿಂತ ಹೆಚ್ಚಿರಬಾರದು ಎಂದಿತು. ಅಂದರೆ ಹೊರಬರುವುದನ್ನು ಬಿಟ್ಟು ಒಳಗಿರುವುದನ್ನು ಎಣಿಸಿತು. ಹತ್ತು ವರ್ಷಗಳ ನಂತರ, 2004ರಲ್ಲಿ, ಅದನ್ನು ತಿದ್ದಿ, ತೂತಿನಲ್ಲಿ ಇಡುವ ಎಲ್ಲ ಕಡ್ಡಿಗಳಿಗೂ ಬಿಡುಗಡೆಯ ಮಿತಿಯನ್ನೇ, ಇನ್ನೂ ಬಿಗಿಯಾಗಿ, ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂ ಎಂದು ನಿಗದಿಪಡಿಸಲಾಯಿತು. ಪ್ರಯೋಗಾಲಯದಲ್ಲಿ ಓಲೆಯನ್ನು ಉಪ್ಪು, ಲ್ಯಾಕ್ಟಿಕ್ ಆಮ್ಲ, ಯೂರಿಯಾ ಬೆರೆತ ಕೃತಕ ಬೆವರಿನಲ್ಲಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವಾರ ಮುಳುಗಿಸಿಟ್ಟು ಇದನ್ನು ಅಳೆಯುತ್ತಾರೆ.

ಈ ತಿದ್ದುಪಡಿ ಏಕೆ ಸರಿ ಎಂಬುದು ನನ್ನ ಮೇಜಿನ ಮೇಲಿದ್ದ ಎರಡು ಓಲೆಗಳ ಲೆಕ್ಕ ಹಾಕಿದರೆ ತಿಳಿಯುತ್ತದೆ. ಒಂದು ಸೆಂಟಿಮೀಟರ್ ಉದ್ದ, 0.8 ಮಿಲಿಮೀಟರ್ ದಪ್ಪದ ಕಡ್ಡಿಯ ಮೈ ಸುಮಾರು ಕಾಲು ಚದರ ಸೆಂಟಿಮೀಟರ್. ಅದು ಉಕ್ಕಿನದಾದರೆ ತೂಕ ಸುಮಾರು 40 ಮಿಲಿಗ್ರಾಂ. ಅದರಲ್ಲಿ ನಿಕಲ್ ಶೇ. 12 ಎಂದುಕೊಂಡರೆ 4,800 ಮೈಕ್ರೋಗ್ರಾಂ. ಇನ್ನೊಂದು ಹಿತ್ತಾಳೆಯ ಕಡ್ಡಿ. ಅದರ ಮೇಲೆ ಐದು ಮೈಕ್ರಾನ್ ದಪ್ಪದ ನಿಕಲ್ ಪದರ ಇದೆ ಎಂದುಕೊಂಡರೆ ನಿಕಲ್ 1,100 ಮೈಕ್ರೋಗ್ರಾಂ ಮಾತ್ರ. ನಿಯಮದಂತೆ ಕಾಲು ಚದರ ಸೆಂಟಿಮೀಟರ್ ಮೈಯಿರುವ ಈ ಯಾವ ಕಡ್ಡಿಯಿಂದಲೂ ವಾರಕ್ಕೆ 0.05 ಮೈಕ್ರೋಗ್ರಾಂಗಿಂತ ಹೆಚ್ಚು ಹೊರಬರುವಂತಿಲ್ಲ. ನಾಲ್ಕು ಪಟ್ಟಿಗೂ ಹೆಚ್ಚು ನಿಕಲ್ ಇರುವ ಉಕ್ಕು ಆ ಮಿತಿಯೊಳಗೆ ಉಳಿಯಬಲ್ಲದು, ಏಕೆಂದರೆ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಅತಿ ತೆಳುವಾದ ಪೊರೆಯಿದೆ. ಗೀಚಿದರೂ ಗಾಳಿ ತಾಗಿದ ಕೂಡಲೇ ಅದು ಮತ್ತೆ ಕಟ್ಟಿಕೊಳ್ಳುತ್ತದೆ. ಹಿತ್ತಾಳೆಯ ಕಡ್ಡಿಯ ಮೇಲಿನ ನಿಕಲ್‌ಗೆ ಇರುವ ಮರೆ ಚಿನ್ನದ ಬಣ್ಣದ ಲೇಪವೊಂದೇ, ಮತ್ತು ಅಗ್ಗದ ಆಭರಣದಲ್ಲಿ ಅದು ಹಲವು ಸಲ ಮೈಕ್ರಾನಿನ ಹತ್ತನೇ ಒಂದು ಪಾಲಿನಷ್ಟು ತೆಳು. ತೂತಿನೊಳಗೆ ನೂರಾರು ಸಲ ಹೋಗಿಬರುವ ಕಡ್ಡಿಯ ಮೇಲೆ ಅದು ಹೆಚ್ಚು ಕಾಲ ನಿಲ್ಲುವುದಿಲ್ಲ.

ಹಾಗಾದರೆ ಆ ನಿಕಲ್ ಅಲ್ಲಿ ಏಕಿದೆ? ಹಿತ್ತಾಳೆಯ ಮೇಲೆ ನೇರವಾಗಿ ಚಿನ್ನ ಲೇಪಿಸಿದರೆ ಒಳಗಿನ ತಾಮ್ರ ನಿಧಾನವಾಗಿ ಮೇಲಕ್ಕೆ ಹರಿದು ಬಣ್ಣ ಕೆಡಿಸುತ್ತದೆ. ನಿಕಲ್ ಪದರ ಅದನ್ನು ತಡೆಯುತ್ತದೆ, ಮೈಯನ್ನು ನುಣುಪಾಗಿಸಿ ಹೊಳಪನ್ನೂ ಕೊಡುತ್ತದೆ. ತಾಮ್ರ, ತವರ, ಸತುಗಳ ಬಿಳಿ ಕಂಚಿನಿಂದ ಈ ಕೆಲಸವನ್ನು ಮಾಡಿಸಬಹುದು. ಖರೀದಿಸುವಾಗ ‘ಲೇಪದ ಕೆಳಗೆ ಏನಿದೆ’ ಎಂದು ಕೇಳಿದರೆ ಉತ್ತರ ಕೊಡಬಲ್ಲ ತಯಾರಕರೂ ಇದ್ದಾರೆ. ‘ಹೈಪೋಅಲರ್ಜೆನಿಕ್’ ಎಂಬ ಪದ ಮಾತ್ರ ಆ ಉತ್ತರವಲ್ಲ. ಅದು ಯಾವ ಲೋಹವನ್ನೂ ಹೆಸರಿಸುವುದಿಲ್ಲ, ಯಾವ ಅಳತೆಯನ್ನೂ ಹೇಳುವುದಿಲ್ಲ.

ಅಲರ್ಜಿ ಇರುವವರು ಕೇಳಬೇಕಾದುದು ಲೋಹದ ಹೆಸರನ್ನು. ಟೈಟಾನಿಯಂ ಮತ್ತು ನಿಯೋಬಿಯಂ ಅತ್ಯಂತ ನಂಬಿಕೆಯ ಆಯ್ಕೆಗಳು. ದೇಹದೊಳಗೆ ಅಳವಡಿಸುವ ಟೈಟಾನಿಯಂಗೆ ಎಎಸ್‌ಟಿಎಂ ಎಫ್136 ಎಂಬ ಮಾನದಂಡವಿದೆ, ಹೊಸದಾಗಿ ಚುಚ್ಚಿಸಿಕೊಳ್ಳುವಾಗ ಅದನ್ನೇ ಕೇಳುವುದು ಒಳ್ಳೆಯದು. ಪ್ಲಾಟಿನಂ ಕೂಡ ಸರಿ. ಹೆಚ್ಚು ಕ್ಯಾರಟ್ಟಿನ ಹಳದಿ ಚಿನ್ನ ಬಹುತೇಕರಿಗೆ ಒಗ್ಗುತ್ತದೆ, ಆದರೆ ಬಿಳಿ ಚಿನ್ನವನ್ನು ಬಿಳಿಯಾಗಿಸಲು ನಿಕಲ್ ಬಳಸಿರಬಹುದು ಮತ್ತು ಮೇಲಿನ ರೋಡಿಯಂ ಲೇಪ ಸವೆದ ಮೇಲೆಯೇ ಅದು ಗೊತ್ತಾಗುತ್ತದೆ. ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕಲ್, ಸತುಗಳ ಮಿಶ್ರಣ. ನಿಟಿನಾಲ್ ಎಂಬ ಬಾಗಿ ನೆಟ್ಟಗಾಗುವ ಲೋಹವನ್ನು ಕೆಲವೊಮ್ಮೆ ಟೈಟಾನಿಯಂ ಎಂದೇ ಕರೆಯುತ್ತಾರೆ, ಅದರ ತೂಕದ ಅರ್ಧಕ್ಕಿಂತ ಹೆಚ್ಚು ನಿಕಲ್. ಸ್ಟೀಲ್ ಎಂದರೂ ಸಾಲದು: ಕೊರೆಯಲು ಸುಲಭವಾಗಲೆಂದು ಗಂಧಕ ಬೆರೆಸಿದ 303 ದರ್ಜೆ ಬೆವರಿಗೆ ಬೇಗ ತುಕ್ಕು ಹಿಡಿದು 316ಎಲ್‌ಗಿಂತ ಬಹಳ ಹೆಚ್ಚು ನಿಕಲ್ ಬಿಡುತ್ತದೆ. ತೀವ್ರ ಅಲರ್ಜಿ ಇರುವವರಿಗೆ, ಹಸಿ ಗಾಯಕ್ಕೆ, 316ಎಲ್ಲನ್ನೂ ನಾನು ಸೂಚಿಸುವುದಿಲ್ಲ.

ಕಿವಿ ಕೆಂಪಾದದ್ದೆಲ್ಲ ನಿಕಲ್‌ನಿಂದಲೇ ಎನ್ನಲಾಗದು. ಸೋಂಕಾದರೆ ಸಾಮಾನ್ಯವಾಗಿ ಒಂದೇ ಕಿವಿ ಬಿಸಿಯಾಗಿ, ನೋವಿನಿಂದ ಬಾತು, ಕೀವು ತುಂಬುತ್ತದೆ. ಅಲರ್ಜಿಯಾದರೆ ಎರಡೂ ಕಿವಿಗಳಲ್ಲಿ ನೋವಿಗಿಂತ ನವೆ ಹೆಚ್ಚು, ಓಲೆ ತೆಗೆದಿಟ್ಟರೆ ಇಳಿಯುತ್ತದೆ. ಖಚಿತಪಡಿಸುವುದು ಚರ್ಮವೈದ್ಯರ ಪಟ್ಟಿ ಪರೀಕ್ಷೆ: ನಿಕಲ್ ಸಲ್ಫೇಟಿನ ಮುಲಾಮನ್ನು ಬೆನ್ನಿಗೆ 48 ಗಂಟೆ ಅಂಟಿಸಿಟ್ಟು, ತೆಗೆದಾಗ ಒಮ್ಮೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ತಂಗಿಗೆ ಮೊದಲ ಸಲ ನೋಡಿದಾಗ ಮಸುಕಾದ ಕೆಂಪಷ್ಟೇ ಇತ್ತು. ಎರಡನೆಯ ಸಲಕ್ಕೆ ಆ ಚೌಕದ ತುಂಬ ಗುಳ್ಳೆಗಳಿದ್ದವು.

ಆಮೇಲೆ ಆಕೆ ಟೈಟಾನಿಯಂ ಓಲೆ ತಂದಳು. ಕಿವಿಯ ಮುಂಭಾಗದ ಕೆಂಪು ಇಳಿಯಿತು, ಆದರೆ ಹಿಂಭಾಗದಲ್ಲಿ ಒಂದು ಸಣ್ಣ ವೃತ್ತದಷ್ಟು ಜಾಗ ತುರಿಸುತ್ತಲೇ ಇತ್ತು. ಬಣ್ಣದ ಪರೀಕ್ಷೆಯಲ್ಲಿ ಹತ್ತಿ ಬೆಳ್ಳಗೆ ಉಳಿದರೂ ಅಲ್ಪಸ್ವಲ್ಪ ನಿಕಲ್ ಕಣ್ತಪ್ಪಿಸಿಕೊಳ್ಳಬಹುದು ಎಂದು ತಿಳಿದಿದ್ದ ನಾನು ಕಡ್ಡಿಯನ್ನು ಮೂರು ಕಡೆ ಉಜ್ಜಿದೆ; ಬಣ್ಣ ಬರಲಿಲ್ಲ. ಕೊನೆಗೆ ತಿರುಪನ್ನು ಉಜ್ಜಿದಾಗ ಹತ್ತಿ ಗುಲಾಬಿಯಾಯಿತು. ಹೊಸ ಓಲೆಗೆ ಆಕೆ ಹಳೆಯ ಜೊತೆಯ ತಿರುಪನ್ನೇ ಹಾಕಿಕೊಂಡಿದ್ದಳು. ಅದನ್ನು ಬದಲಾಯಿಸಿದ ಎರಡು ವಾರಕ್ಕೆ ಆ ವೃತ್ತವೂ ಮಾಯವಾಯಿತು.