ಹತ್ತೊಂಬತ್ತನೆಯ ಎಲೆಕ್ಟ್ರಾನ್ ಎಲ್ಲಿ ಕೂತಿತು?

ಕಾಸರಗೋಡಿನ ನೀರ್ಚಾಲಿನಲ್ಲಿ ಸಂಜೆ ಹೊತ್ತು ನಾಲ್ಕೈದು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಹತ್ತರವರೆಗೆ ಕನ್ನಡದಲ್ಲಿ ಕಲಿತು, ಪ್ಲಸ್ ವನ್‌ಗೆ ಬಂದ ಕೂಡಲೇ ಇಂಗ್ಲಿಷ್ ಪುಸ್ತಕ ಕೈಗೆ ಬಿದ್ದು ಕಂಗಾಲಾದ ಮಕ್ಕಳು. ಕಳೆದ ಮಳೆಗಾಲದಲ್ಲಿ ಅವರಲ್ಲೊಬ್ಬಳು ಕೇಳಿದ ಪ್ರಶ್ನೆ ಹೀಗಿತ್ತು: "ಸರ್, 4s ಮೊದಲು ತುಂಬುದು, ಆಮೇಲೆ 3d ಅಂತ ಹೇಳಿದ್ರಲ್ಲ. ಮತ್ತೆ ಕಬ್ಬಿಣ ಅಯಾನು ಆಗುವಾಗ 4sನದ್ದೇ ಯಾಕೆ ಮೊದಲು ಹೋಗುದು?" ಅವಳ ಅಪ್ಪ ಮುರಕಲ್ಲಿನ ಕೋರೆಯಲ್ಲಿ ಕೆಲಸ ಮಾಡುವವರು. ಆ ಕಲ್ಲು ಕೆಂಪಾಗಿರುವುದು ಮೂರು ಎಲೆಕ್ಟ್ರಾನು ಕಳಕೊಂಡ ಕಬ್ಬಿಣದಿಂದ ಎಂದು ನಾನೇ ಹಿಂದಿನ ದಿನ ಹೇಳಿದ್ದೆ. ಆದ್ದರಿಂದ ಜಾರಿಕೊಳ್ಳಲು ದಾರಿ ಇರಲಿಲ್ಲ. 4s, 3d ಎಂದರೆ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಕೂರುವ ಜಾಗಗಳ ಹೆಸರು.

ಇದಕ್ಕೆ ತರಗತಿಗಳಲ್ಲಿ ಒಂದು ಸಿದ್ಧ ಉತ್ತರ ಇದೆ. ಬಸ್ಸಿನಲ್ಲಿ ಬಾಗಿಲ ಹತ್ತಿರ ನಿಂತವರು ಮೊದಲು ಇಳಿಯುತ್ತಾರೆ, ಹಾಗೆಯೇ ಹೊರಗಿನ 4s ಎಲೆಕ್ಟ್ರಾನು ಮೊದಲು ಹೋಗುತ್ತದೆ ಎಂದು. ಹೇಳಿದವರಿಗೂ ಕೇಳಿದವರಿಗೂ ಸಮಾಧಾನ. ಆದರೆ ಎಲೆಕ್ಟ್ರಾನುಗಳು ಕುಂಬಳೆ ಬಸ್ಸಿನ ಹಾಗೆ ಒಂದೊಂದಾಗಿ ಹತ್ತಿ ಸೀಟು ಹಿಡಿಯುವುದಿಲ್ಲ, ಯಾರು ಮೊದಲು ಬಂದರೆಂಬ ನೆನಪೂ ಅವಕ್ಕಿಲ್ಲ. ಸರಿಯಾದ ಉತ್ತರದ ಮೊದಲ ಅರ್ಧವನ್ನು ನೀಲ್ಸ್ ಬೋರ್ 1922ರಲ್ಲೇ ಹೇಳಿದ್ದ. ಪಠ್ಯಪುಸ್ತಕಗಳಿಗೆ ಬರುವ ದಾರಿಯಲ್ಲಿ ಅದು ಎಲ್ಲೋ ಬಿದ್ದುಹೋಯಿತು.

ಮೊದಲು ಹೈಡ್ರೋಜನ್. ಅಲ್ಲಿ ಇರುವುದು ಒಂದೇ ಎಲೆಕ್ಟ್ರಾನು, ಲೆಕ್ಕ ಚೊಕ್ಕ. 1913ರಲ್ಲಿ ಬೋರ್ ಕೊಟ್ಟ ಸೂತ್ರದಂತೆ ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾದ ಶಕ್ತಿ 13.6/n² ಎಲೆಕ್ಟ್ರಾನ್ ವೋಲ್ಟ್. n ಎಂದರೆ ಎಷ್ಟನೆಯ ಕವಚ ಎಂಬ ಸಂಖ್ಯೆ. ಎರಡು ಮೂರು ವರ್ಷಗಳಲ್ಲಿ ಸೊಮ್ಮರ್‌ಫೆಲ್ಡ್ ದೀರ್ಘವೃತ್ತದ ಕಕ್ಷೆಗಳನ್ನು ಸೇರಿಸಿದ. ಕಕ್ಷೆಯ ಆಕಾರಕ್ಕೊಂದು, ಕಾಂತಕ್ಷೇತ್ರದಲ್ಲಿ ಅದು ಯಾವ ಕಡೆ ವಾಲಿದೆ ಎಂಬುದಕ್ಕೊಂದು ಎಂದು ಇನ್ನೆರಡು ಸಂಖ್ಯೆಗಳು ಬಂದವು. ಇಂದು ನಾವು ಅವನ್ನು l ಮತ್ತು m ಎನ್ನುತ್ತೇವೆ. n ಮೂರಾದರೆ l ಸೊನ್ನೆ, ಒಂದು, ಎರಡು ಆಗಬಹುದು: ಅವೇ 3s, 3p, 3d ಎಂಬ ಉಪಕವಚಗಳು. ಪ್ರತಿ l ಬೆಲೆಗೆ m ಒಂದು, ಮೂರು, ಐದು ಬಗೆ. ಹೈಡ್ರೋಜನ್‌ನಲ್ಲಿ ಈ ಒಂಬತ್ತಕ್ಕೂ ಶಕ್ತಿ ಹೆಚ್ಚುಕಡಿಮೆ ಒಂದೇ. 3dಯ ಎಲೆಕ್ಟ್ರಾನನ್ನು ಕೀಳಲು 1.51 ಎಲೆಕ್ಟ್ರಾನ್ ವೋಲ್ಟ್ ಬೇಕು, 4sನದ್ದಕ್ಕೆ 0.85 ಸಾಕು. ಅಂದರೆ ಹೈಡ್ರೋಜನ್‌ನಲ್ಲಿ 3dಯೇ ಗಟ್ಟಿ. ಈ ಎರಡು ಅಂಕಿಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಹೈಡ್ರೋಜನ್‌ನ ಈ ಸಂಖ್ಯೆಗಳನ್ನು ಉಳಿದ ಪರಮಾಣುಗಳಿಗೂ ಹಚ್ಚಿ, ಒಂದೊಂದೇ ಎಲೆಕ್ಟ್ರಾನು ಸೇರಿಸುತ್ತ ಇಡೀ ಆವರ್ತ ಕೋಷ್ಟಕವನ್ನು ಕಟ್ಟಬಹುದೇ ಎಂದು ಬೋರ್ 1921–22ರಲ್ಲಿ ಹೊರಟ. ಎರಡು ಕಡೆ ತೊಡಕಿತ್ತು. ಒಂದು ಕವಚಕ್ಕೆ ಎಷ್ಟು ಎಲೆಕ್ಟ್ರಾನು ಎಂಬುದು ಒಂದು, ಯಾವುದು ಯಾವುದರ ನಂತರ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಪ್ರಶ್ನೆ ಎಂದುಕೊಳ್ಳುವುದರಿಂದಲೇ ಇಂದಿಗೂ ಗೊಂದಲ.

ಎಷ್ಟು ಎಂಬುದರಲ್ಲಿ ಬೋರ್ ತಪ್ಪಿದ. ಎರಡನೆಯ ಕವಚದ ಎಂಟನ್ನು ನಾಲ್ಕು-ನಾಲ್ಕು ಎಂದೂ ಮೂರನೆಯದರ ಹದಿನೆಂಟನ್ನು ಆರು-ಆರು-ಆರು ಎಂದೂ ಸಮಪಾಲು ಮಾಡಿದ್ದ. ಅದನ್ನು ತಿದ್ದಿದವನು ಎಡ್ಮಂಡ್ ಸ್ಟೋನರ್ ಎಂಬ ಇಂಗ್ಲಿಷ್ ಯುವಕ, 1924ರಲ್ಲಿ. ಸೋಡಿಯಂನಂಥ ಲೋಹದ ಒಂಟಿ ಹೊರ ಎಲೆಕ್ಟ್ರಾನನ್ನು ಕಾಂತಕ್ಷೇತ್ರದಲ್ಲಿಟ್ಟರೆ ಅದರ s ಮಟ್ಟ ಎರಡಾಗಿ, p ಮಟ್ಟ ಒಟ್ಟು ಆರಾಗಿ, d ಮಟ್ಟ ಹತ್ತಾಗಿ ಒಡೆಯುತ್ತದೆ. ತುಂಬಿದ ಉಪಕವಚದಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆಯೂ ಅದೇ ಇರಬೇಕು ಎಂದ ಸ್ಟೋನರ್. ಎರಡು, ಆರು, ಹತ್ತು: ಒಟ್ಟು ಹದಿನೆಂಟು.

ಈ ಪ್ರಬಂಧವನ್ನು ಸೊಮ್ಮರ್‌ಫೆಲ್ಡ್ ತನ್ನ ಪಠ್ಯಪುಸ್ತಕದ ಹೊಸ ಆವೃತ್ತಿಯ ಮುನ್ನುಡಿಯಲ್ಲಿ ಹೊಗಳಿದ್ದ. ಅದು ಹ್ಯಾಂಬರ್ಗಿನಲ್ಲಿದ್ದ ವೋಲ್ಫ್‌ಗಾಂಗ್ ಪೌಲಿಯ ಕಣ್ಣಿಗೆ ಬಿತ್ತು. ಅವನ ತಲೆ ತಿನ್ನುತ್ತಿದ್ದುದು ಬೇರೆ ವಿಷಯ. ಸೋಡಿಯಂ ದೀಪದ ಹಳದಿ ಬೆಳಕು ರೋಹಿತದರ್ಶಕದಲ್ಲಿ ಒಂದು ಗೆರೆಯಲ್ಲ, 589.0 ಮತ್ತು 589.6 ನ್ಯಾನೋಮೀಟರಿನ ಜೋಡಿಗೆರೆ. ಈ ಜೋಡಿತನ ಒಳಗಿನ ಹತ್ತು ಎಲೆಕ್ಟ್ರಾನುಗಳ ತಿರುಳಿನಿಂದ ಬರುತ್ತದೆ ಎಂಬುದು ಆಗಿನ ನಂಬಿಕೆ. ಪೌಲಿ ಅದನ್ನು ಒಪ್ಪಲಿಲ್ಲ. ಇದು ಹೊರಗಿನ ಎಲೆಕ್ಟ್ರಾನಿನದೇ ಗುಣ, ಅದಕ್ಕೆ ಎರಡೇ ಬೆಲೆ, ಹಳೆಯ ಭೌತಶಾಸ್ತ್ರದ ಯಾವ ಚಿತ್ರಕ್ಕೂ ಅದು ಸಿಗುವುದಿಲ್ಲ ಎಂದ. ಹೀಗೆ ನಾಲ್ಕನೆಯ ಸಂಖ್ಯೆ ಹುಟ್ಟಿತು. ಮೂರರ ಒಂಬತ್ತನ್ನು ಎರಡರಿಂದ ಗುಣಿಸಿದರೆ ಸ್ಟೋನರನ ಹದಿನೆಂಟು ತಾನಾಗಿ ಬರುತ್ತದೆ, ಒಂದು ನಿಯಮ ಒಪ್ಪಿಕೊಂಡರೆ: ಒಂದು ಪರಮಾಣುವಿನ ಯಾವ ಎರಡು ಎಲೆಕ್ಟ್ರಾನುಗಳಿಗೂ ನಾಲ್ಕೂ ಸಂಖ್ಯೆಗಳು ಒಂದೇ ಆಗಿರುವಂತಿಲ್ಲ. 1925ರಲ್ಲಿ ಪ್ರಕಟವಾದ ಇದೇ ಬಹಿಷ್ಕಾರ ತತ್ತ್ವ. ಹೀಲಿಯಂ ರೋಹಿತದಲ್ಲಿ ಇದಕ್ಕೆ ನೇರ ಸಾಕ್ಷಿ ಇದೆ. ಅದರ ಎರಡೂ ಎಲೆಕ್ಟ್ರಾನು ಅತಿ ಕೆಳಗಿನ ಮಟ್ಟದಲ್ಲಿದ್ದು, ನಾಲ್ಕನೆಯ ಸಂಖ್ಯೆಯೂ ಒಂದೇ ಆಗಿರುವ ಸ್ಥಿತಿಯೊಂದು ಇರಬೇಕಿತ್ತು. ರೋಹಿತದಲ್ಲಿ ಅದರ ಸುಳಿವೇ ಇಲ್ಲ.

ಅದೇ ವರ್ಷ ಲೈಡನ್ನಿನ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಈ ನಾಲ್ಕನೆಯದಕ್ಕೆ 'ಗಿರಕಿ' ಎಂಬ ಅರ್ಥ ಕೊಟ್ಟರು. ಎಲೆಕ್ಟ್ರಾನು ಬುಗುರಿಯಂತೆ ತಿರುಗುತ್ತದೆ ಎಂದೇನಲ್ಲ. ಆ ಹೆಸರು ಅಂಟಿಕೊಂಡಿತು, ಅಷ್ಟೇ.

ಇಲ್ಲೊಂದು ಮಾತು ಗಮನಿಸಬೇಕು. ಪೌಲಿಯ ತತ್ತ್ವ ಹೇಳುವುದು ಎಷ್ಟು ಜಾಗ ಇದೆ ಎಂಬುದನ್ನು ಮಾತ್ರ. ಯಾವ ಜಾಗ ಮೊದಲು ತುಂಬಬೇಕೆಂದು ಅದು ತುಟಿ ಬಿಚ್ಚುವುದಿಲ್ಲ. ಅದನ್ನು ಶಕ್ತಿಯ ಲೆಕ್ಕದಲ್ಲೇ ನೋಡಬೇಕು. ಅದಕ್ಕೆ ಸರಿಯಾದ ಜಾಗ ಪೊಟ್ಯಾಸಿಯಂ, ಅಂದರೆ ಹತ್ತೊಂಬತ್ತನೆಯ ಎಲೆಕ್ಟ್ರಾನು.

ಹದಿನೆಂಟು ಎಲೆಕ್ಟ್ರಾನುಗಳು ಆರ್ಗಾನಿನ ಹಾಗೆ ಗುಂಡಗೆ ಕೂತಿವೆ. ಹತ್ತೊಂಬತ್ತನೆಯದು 3dಗೆ ಹೋಗಬೇಕೋ 4sಗೋ? ಪೊಟ್ಯಾಸಿಯಂ ರೋಹಿತ ಉತ್ತರ ಕೊಡುತ್ತದೆ. 4sನಲ್ಲಿದ್ದರೆ ಅದನ್ನು ಕೀಳಲು 4.34 ಎಲೆಕ್ಟ್ರಾನ್ ವೋಲ್ಟ್ ಬೇಕು, 3dಯಲ್ಲಿದ್ದರೆ ಸುಮಾರು 1.67. ಈ 1.67ನ್ನು ಹೈಡ್ರೋಜನ್‌ನ 1.51ರ ಪಕ್ಕದಲ್ಲಿಟ್ಟು ನೋಡಿ. ಹೆಚ್ಚು ವ್ಯತ್ಯಾಸವಿಲ್ಲ. ಅಂದರೆ 3d ಎಲೆಕ್ಟ್ರಾನು ಹದಿನೆಂಟರ ಗುಂಪಿನ ಹೊರಗೇ ಉಳಿದಿದೆ. ಅಲ್ಲಿಂದ ನೋಡಿದರೆ ನ್ಯೂಕ್ಲಿಯಸ್ಸಿನ ಹತ್ತೊಂಬತ್ತು ಧನ ಆವೇಶದಲ್ಲಿ ಹದಿನೆಂಟು ಮರೆಯಾಗಿ ಒಂದೇ ಕಾಣುತ್ತದೆ, ಹೈಡ್ರೋಜನ್‌ನಂತೆ. 4sನದ್ದಾದರೋ 0.85ರಿಂದ 4.34ಕ್ಕೆ ಏರಿದೆ, ಐದು ಪಟ್ಟು. l ಸೊನ್ನೆಯಾದ ಎಲೆಕ್ಟ್ರಾನು ಒಳಗಿನ ಗುಂಪನ್ನು ತೂರಿಕೊಂಡು ನ್ಯೂಕ್ಲಿಯಸ್ಸಿನ ಹತ್ತಿರದವರೆಗೂ ಹೋಗಿಬರುತ್ತದೆ. ಆ ಹೊತ್ತಿನಲ್ಲಿ ಮರೆಯಿಲ್ಲದ ಸೆಳೆತ ಸಿಕ್ಕಿ ಅದು ಗಟ್ಟಿಯಾಗುತ್ತದೆ.

ಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. '4sನ ಶಕ್ತಿ 3dಗಿಂತ ಕಡಿಮೆ' ಎಂದು ಬರೆದು, ಓರೆ ಬಾಣಗಳ ಚಿತ್ರ ಬಿಡಿಸಿ, ಅದನ್ನೇ ಎಲ್ಲ ಪರಮಾಣುಗಳಿಗೂ ಹೊದಿಸುತ್ತವೆ. ಬೋರ್ ನಿಲ್ಲಲಿಲ್ಲ. ಎಲೆಕ್ಟ್ರಾನುಗಳನ್ನು ಹತ್ತೊಂಬತ್ತಕ್ಕೇ ಇಟ್ಟು ನ್ಯೂಕ್ಲಿಯಸ್ಸನ್ನು ಮಾತ್ರ ದೊಡ್ಡದು ಮಾಡುತ್ತ ಹೋದರೆ ಏನಾಗುತ್ತದೆ ಎಂದು ಅವನು ಕೇಳಿದ. ಮುಂದಿನದು ಒಂದು ಎಲೆಕ್ಟ್ರಾನು ಕಳಕೊಂಡ ಕ್ಯಾಲ್ಸಿಯಂ, Ca⁺. ಅಲ್ಲಿ 4sಗೆ 11.87, 3dಗೆ 10.18. ಇನ್ನೂ 4sದೇ ಮೇಲುಗೈ, ಆದರೆ ಅಂತರ ಕುಗ್ಗಿದೆ. ಅದರ ಮುಂದಿನದು ಎರಡು ಕಳಕೊಂಡ ಸ್ಕ್ಯಾಂಡಿಯಂ, Sc²⁺. ಅಲ್ಲಿ 3dಗೆ 24.76, 4sಗೆ ಸುಮಾರು 21.6. ಲೆಕ್ಕ ತಿರುಗಿಬಿದ್ದಿದೆ. ಸೆಳೆತ ಹೆಚ್ಚಿದಂತೆ, ಹೊರಗೆ ಅಲೆಯುತ್ತಿದ್ದ 3d ಕಕ್ಷಕ ಆರ್ಗಾನ್ ತಿರುಳಿನ ಒಳಕ್ಕೇ ಕುಸಿದಿದೆ. 1922ರ ಡಿಸೆಂಬರಿನ ನೊಬೆಲ್ ಉಪನ್ಯಾಸದಲ್ಲಿ ಬೋರ್ ಕ್ಯಾಲ್ಸಿಯಂ ಅಯಾನಿನ ರೋಹಿತವನ್ನು ಮುಂದಿಟ್ಟು, ಸ್ಕ್ಯಾಂಡಿಯಂಗೆ ಬರುವಾಗ ಹತ್ತೊಂಬತ್ತನೆಯ ಎಲೆಕ್ಟ್ರಾನು ಮೂರನೆಯ ಕವಚದಲ್ಲೇ ಹೆಚ್ಚು ಗಟ್ಟಿಯಾಗಿರುತ್ತದೆ ಎಂದು ತರ್ಕಿಸಿದ್ದ. ಕ್ವಾಂಟಂ ಯಂತ್ರಶಾಸ್ತ್ರ ಹುಟ್ಟುವ ಮೊದಲೇ, ತಪ್ಪು ಕಕ್ಷೆಗಳನ್ನಿಟ್ಟುಕೊಂಡು ಅಷ್ಟು ಸರಿ ಹೇಳಿದ್ದು ನನಗೆ ಇಂದಿಗೂ ಆಶ್ಚರ್ಯವೇ.

ಹಾಗಾದರೆ ಸ್ಕ್ಯಾಂಡಿಯಂನಿಂದ ಮುಂದೆ ಮೊದಲು ತುಂಬುವುದು 3dಯೇ. Sc³⁺ ಎಂಬ ಬರಿಯ ತಿರುಳಿಗೆ ಒಂದೊಂದಾಗಿ ಎಲೆಕ್ಟ್ರಾನು ಹಾಕಿ ನೋಡಿ. ಮೊದಲನೆಯದು 3dಗೆ. ಎರಡನೆಯದು 4sಗೆ. ಮೂರನೆಯದೂ 4sಗೆ. ಕೊನೆಗೆ ಸಿಗುವುದು ಎಲ್ಲರಿಗೂ ಗೊತ್ತಿರುವ 3d¹4s². ಎರಡನೆಯದೂ 3dಗೇ ಯಾಕೆ ಹೋಗಲಿಲ್ಲ? 3d ಕುಸಿದು ಇಕ್ಕಟ್ಟಾಗಿದೆ. ಅಲ್ಲಿ ಇಬ್ಬರನ್ನು ಕೂರಿಸಿದರೆ ಅವರ ನಡುವಿನ ವಿಕರ್ಷಣೆಗೆ ತೆರಬೇಕಾದ ಶಕ್ತಿ ದೊಡ್ಡದು. ಹೊರಗೆ ಹರಡಿಕೊಂಡಿರುವ 4sಗೆ ಒಬ್ಬನನ್ನು ಕಳಿಸಿದರೆ ಒಟ್ಟು ಖರ್ಚು ಕಡಿಮೆ. ಒಂದು ಎಲೆಕ್ಟ್ರಾನಿನ ಮಟ್ಟ ಎಲ್ಲಿದೆ ಎನ್ನುವುದು ಇಲ್ಲಿ ಸಾಲದು, ಇಡೀ ಪರಮಾಣುವಿನ ಒಟ್ಟು ಶಕ್ತಿ ನೋಡಬೇಕು. ಅಯಾನು ಆಗುವಾಗ ಇದೇ ದಾರಿಯಲ್ಲಿ ಹಿಂದಕ್ಕೆ ಬರುತ್ತೇವೆ, ಆದ್ದರಿಂದ 4s ಮೊದಲು ಖಾಲಿ. ಹುಡುಗಿಯ ಪ್ರಶ್ನೆ ಹುಟ್ಟಿದ್ದೇ '4s ಮೊದಲು ತುಂಬುತ್ತದೆ' ಎಂಬ ಮಾತಿನಿಂದ. ಪೊಟ್ಯಾಸಿಯಂ, ಕ್ಯಾಲ್ಸಿಯಂ ದಾಟಿದ ಮೇಲೆ ಆ ಮಾತೇ ನಿಲ್ಲುವುದಿಲ್ಲ.

n ಮತ್ತು lಗಳನ್ನು ಕೂಡಿಸಿ ಕಡಿಮೆ ಬಂದದ್ದನ್ನು ಮೊದಲು ಬರೆಯುವ ನಿಯಮ ಮಾಡೆಲುಂಗ್ ಹೆಸರಿನಲ್ಲಿ 1936ರಲ್ಲಿ ಅಚ್ಚಾಯಿತು. ಆವರ್ತ ಕೋಷ್ಟಕದಲ್ಲಿ ಒಂದು ಧಾತುವಿನಿಂದ ಮುಂದಿನದಕ್ಕೆ ಹೋಗುವಾಗ ಅದು ಬಹುಪಾಲು ಸರಿ. ಆದರೆ ಕ್ರೋಮಿಯಂ 3d⁵4s¹ ಆಗಿ, ತಾಮ್ರ 3d¹⁰4s¹ ಆಗಿ ಅದರ ಕೈಯಿಂದ ತಪ್ಪಿಸಿಕೊಳ್ಳುತ್ತವೆ. ಒಂದೇ ಪರಮಾಣುವಿನೊಳಗೆ ಯಾವುದು ಗಟ್ಟಿ, ಯಾವುದು ಸಡಿಲ ಎಂದು ಹೇಳಲು ಆ ನಿಯಮವನ್ನು ಮಾಡಿದ್ದೇ ಅಲ್ಲ.

ಇನ್ನು ಕಬ್ಬಿಣ. 3d⁶4s² ಇರುವ ಪರಮಾಣು ಮೂರು ಎಲೆಕ್ಟ್ರಾನು ಕಳಕೊಂಡರೆ 3d⁵ ಉಳಿಯಬೇಕು ಎನ್ನುತ್ತೇವೆ. 'ಕೊನೆಗೆ ಬಂದದ್ದು ಮೊದಲು ಹೋಗಲಿ' ಎಂದರೆ 3d³4s² ಉಳಿಯುತ್ತಿತ್ತು. ಯಾವುದು ನಿಜವೆಂದು ಅಯಸ್ಕಾಂತದಿಂದ ಅಳೆದು ನೋಡಬಹುದು. ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನುಗಳ ಸಂಖ್ಯೆ x ಆದರೆ ಗಿರಕಿಯಿಂದ ಬರುವ ಕಾಂತ ಮಹತ್ವ, ಅಂದರೆ ಅಯಾನು ಎಷ್ಟು ಬಲದ ಪುಟ್ಟ ಅಯಸ್ಕಾಂತ ಎಂಬ ಅಳತೆ, √(x(x+2)) ಬೋರ್ ಮ್ಯಾಗ್ನೆಟಾನ್. ಈ ಜಾತಿಯ ಅಯಾನುಗಳಿಗೆ ಗಿರಕಿಯ ಲೆಕ್ಕವೊಂದೇ ಸಾಕು ಎಂದು 1927ರಲ್ಲಿ ಸೂಚಿಸಿದವನು ಕಲ್ಕತ್ತೆಯ ದೇವೇಂದ್ರ ಮೋಹನ್ ಬೋಸ್. ಅದಕ್ಕೆ ಕಾರಣ ಒದಗಿಸಿದವನು ಮತ್ತೆ ಅದೇ ಸ್ಟೋನರ್. 3d⁵ರಲ್ಲಿ ಐದು ಒಂಟಿ, ಲೆಕ್ಕ 5.92. 3d³4s²ರಲ್ಲಿ ಮೂರು, 3.87. ಮೂರು ಎಲೆಕ್ಟ್ರಾನು ಕಳಕೊಂಡ ಕಬ್ಬಿಣವಿರುವ ಫೆರಿಕ್ ಆಲಂ ಹರಳನ್ನು ಅಳೆದರೆ ಸಿಗುವುದು 5.9ರ ಆಸುಪಾಸು.

ಮರುದಿನ ಅವಳು ಕಾಗದದಲ್ಲಿ ಕಟ್ಟಿಕೊಂಡು ಒಂದು ತುಂಡು ಮುರಕಲ್ಲು ತಂದಿದ್ದಳು, ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತದ ಸಮೇತ. ಹಿಡಿದರೆ ಅಂಟಲಿಲ್ಲ. "ಐದು ಒಂಟಿ ಇದ್ದೂ ಯಾಕೆ ಸರ್?" ಆಲಂನಲ್ಲಿ ಕಬ್ಬಿಣದ ಅಯಾನುಗಳು ನೀರಿನ ಅಣುಗಳ ನಡುವೆ ದೂರ ದೂರ ಕೂತಿರುತ್ತವೆ, ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಮುರಕಲ್ಲಿನ ಕೆಂಪು ಆಕ್ಸೈಡಿನಲ್ಲಿ ಹಾಗಲ್ಲ. ಅಲ್ಲಿ ಆಕ್ಸಿಜನ್ ಮೂಲಕ ನೆರೆಯ ಅಯಾನುಗಳ ಗಿರಕಿಗಳು ಒಂದಕ್ಕೊಂದು ಎದುರಾಗಿ ನಿಂತು, ಐದಕ್ಕೆ ಐದು ಹೆಚ್ಚುಕಡಿಮೆ ವಜಾ ಆಗಿಹೋಗುತ್ತವೆ.