ಇಳಿಜಾರಿನ ಸೈಟ್, ಡ್ರೋನ್ ಸರ್ವೆ: ಓವರ್‌ಲ್ಯಾಪ್ ಇದ್ದರೂ ಎತ್ತರ ಏಕೆ ತಪ್ಪುತ್ತದೆ?

ಪ್ರಶ್ನೆ: ಶಿರಸಿಯ ಹೊರವಲಯದಲ್ಲಿ ಗೋದಾಮು ಕಟ್ಟಲು ಎರಡು ಎಕರೆ ಇಳಿಜಾರು ಜಾಗವನ್ನು ಸಮತಟ್ಟು ಮಾಡಿಸುತ್ತಿದ್ದೇವೆ. ಕಡಿದ ಮಣ್ಣಿನ ಲೆಕ್ಕಕ್ಕಾಗಿ ರಸ್ತೆ ಬದಿಯಿಂದ ಡ್ರೋನ್ ಏರಿಸಿ, 60 ಮೀಟರ್ ಎತ್ತರದಲ್ಲಿ ಹಾರಿಸಿದೆವು. ಒಂದು ಫೋಟೊದ ಮೇಲೆ ಮುಂದಿನದು ಬೀಳುವ ಓವರ್‌ಲ್ಯಾಪ್ ಮುಂದಕ್ಕೆ ಶೇ. 80, ಪಕ್ಕಕ್ಕೆ ಶೇ. 70. ರಸ್ತೆಯಂಚಿನಲ್ಲಿ ಸ್ಥಾನ, ಎತ್ತರ ಅಳೆದ ನಾಲ್ಕು ಜಿಸಿಪಿ ಗುರುತು ಇಟ್ಟಿದ್ದೆವು. ಸಾಫ್ಟ್‌ವೇರ್ ವರದಿಯಲ್ಲಿ ತಪ್ಪು ಎರಡು ಸೆಂಟಿಮೀಟರ್‌ಗಿಂತ ಕಡಿಮೆ. ಆದರೆ ಟೋಟಲ್ ಸ್ಟೇಷನ್ ಇಟ್ಟು ಮೇಲ್ತುದಿ ಅಳೆದರೆ 30 ಸೆಂಟಿಮೀಟರ್ ವ್ಯತ್ಯಾಸ. ಓವರ್‌ಲ್ಯಾಪ್ ಇನ್ನೂ ಹೆಚ್ಚಿಸಬೇಕೇ?

ಉತ್ತರ: ಹೆಚ್ಚಿಸಬೇಕು. ಆದರೆ ಆ 30 ಸೆಂಟಿಮೀಟರ್ ಹೋಗುವುದು ಅದರಿಂದಲ್ಲ. ನೀವು ಡ್ರೋನ್ ಏರಿಸಿದ್ದೂ ಕೆಳಗಿನಿಂದ, ಗುರುತು ಇಟ್ಟಿದ್ದೂ ಕೆಳಗೆ. ಮೇಲ್ತುದಿಗೆ ಆಧಾರವೇ ಇರಲಿಲ್ಲ.

ಮೊದಲು ಹಾರಾಟದ ಲೆಕ್ಕ ನೋಡೋಣ. ಒಂದು ಇಂಚಿನ ಸೆನ್ಸರ್ ಇರುವ ಸಾಮಾನ್ಯ ಸರ್ವೆ ಡ್ರೋನ್ 60 ಮೀಟರ್ ಎತ್ತರದಿಂದ ತೆಗೆದ ಒಂದು ಫೋಟೊ ನೆಲದ ಮೇಲೆ ಸುಮಾರು 90 ಮೀಟರ್ ಅಗಲ, 60 ಮೀಟರ್ ಉದ್ದದ ಜಾಗವನ್ನು ಹಿಡಿಯುತ್ತದೆ. ನೀವು ಕೊಟ್ಟ ಓವರ್‌ಲ್ಯಾಪ್‌ಗೆ ಆ್ಯಪ್ 12 ಮೀಟರಿಗೊಂದು ಫೋಟೊ, 27 ಮೀಟರಿಗೊಂದು ಸಾಲು ಎಂದು ನಿಗದಿ ಮಾಡುತ್ತದೆ. ಆದರೆ ಆ 60 ಮೀಟರ್ ಎಂಬುದು ಡ್ರೋನ್ ಏರಿದ ಜಾಗದಿಂದ ಮೇಲಕ್ಕೆ. ನಿಮ್ಮ ಸೈಟಿನ ಮೇಲ್ತುದಿ ರಸ್ತೆಗಿಂತ 15 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಅಲ್ಲಿ ಡ್ರೋನ್ ನೆಲದಿಂದ 45 ಮೀಟರ್ ಮಾತ್ರ ಮೇಲಿರುತ್ತದೆ, ಫೋಟೊದ ಅಗಲ 67 ಮೀಟರಿಗೆ ಇಳಿಯುತ್ತದೆ. ಸಾಲುಗಳ ಅಂತರ ಮಾತ್ರ ಅದೇ 27 ಮೀಟರ್. ಹೀಗಾಗಿ ಶೇ. 70 ಎಂದು ಪರದೆಯಲ್ಲಿ ಕಂಡ ಪಕ್ಕದ ಓವರ್‌ಲ್ಯಾಪ್ ಮೇಲ್ತುದಿಯಲ್ಲಿ ಶೇ. 60. ಅದರಾಚೆ ಸೊಪ್ಪಿನ ಬೆಟ್ಟದ 15 ಮೀಟರ್ ಎತ್ತರದ ಮತ್ತಿ ಮರಗಳಿದ್ದರೆ, ಅವುಗಳ ತಲೆಯ ಮಟ್ಟದಲ್ಲಿ ಅದು ಶೇ. 40. ಗಾಳಿಗೆ ಅಲ್ಲಾಡುವ ಎಲೆಗಳ ನಡುವೆ ಅಷ್ಟರಲ್ಲಿ ಸಾಫ್ಟ್‌ವೇರ್‌ಗೆ ಹೊಂದುವ ಬಿಂದುಗಳು ಸಿಗುವುದು ಕಷ್ಟ. ಮಣ್ಣು ಕಡಿದು ನಿಂತ ಧರೆಯ ಮೇಲಂಚು ನಕ್ಷೆಯಲ್ಲಿ ಕರಗಿದಂತೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಪರಿಹಾರ ಸರಳ. ಡ್ರೋನನ್ನು ಸೈಟಿನ ಅತಿ ಎತ್ತರದ ಬಯಲಿನಿಂದ ಏರಿಸಿ. ಆಗ ಕೆಳಗಡೆ ಓವರ್‌ಲ್ಯಾಪ್ ಹೆಚ್ಚುತ್ತದೆಯೇ ಹೊರತು ಸೈಟಿನ ನೆಲದ ಮೇಲೆ ಎಲ್ಲಿಯೂ ಕಡಿಮೆಯಾಗುವುದಿಲ್ಲ. ಒಂದು ಪಿಕ್ಸೆಲ್ ಮೇಲ್ತುದಿಯಲ್ಲಿ 1.6 ಸೆಂಟಿಮೀಟರ್, ಕೆಳಗೆ ಸುಮಾರು 2 ಸೆಂಟಿಮೀಟರ್ ಆಗುತ್ತದೆ, ಮಣ್ಣಿನ ಲೆಕ್ಕಕ್ಕೆ ಅದು ಧಾರಾಳ ಸಾಕು. ಪಕ್ಕದ ಓವರ್‌ಲ್ಯಾಪನ್ನೂ ಶೇ. 80 ಮಾಡಿ. ಎರಡು ಎಕರೆ ಎಂದರೆ ಹೆಚ್ಚುಕಡಿಮೆ 90 ಮೀಟರ್ ಚೌಕ. 27 ಮೀಟರ್ ಅಂತರದಲ್ಲಿ ಅದರ ಮೇಲೆ ಬೀಳುವುದು ನಾಲ್ಕೇ ಸಾಲು, ಹಾಗಾಗಿ ಸೈಟಿನ ಬಹುಭಾಗ ಹಾರಾಟದ ಅಂಚೇ ಆಗಿಬಿಡುತ್ತದೆ. ಅಂಚಿನಲ್ಲಿ ಫೋಟೊಗಳು ಒಂದೇ ಕಡೆಯಿಂದ ನೋಡುತ್ತವೆ, ಎತ್ತರ ಅಲ್ಲಿ ಸಡಿಲವಾಗುತ್ತದೆ. ಅದಕ್ಕೇ ಗಡಿಯಿಂದ ನಾಲ್ಕೂ ಕಡೆ 30 ಮೀಟರ್ ಆಚೆಯವರೆಗೆ ಹಾರಿಸಬೇಕು. ಸಾಲುಗಳನ್ನು 18 ಮೀಟರಿಗೆ ಹತ್ತಿರ ತಂದರೂ ಫೋಟೊಗಳು 120ರ ಆಸುಪಾಸಿನಲ್ಲೇ ಮುಗಿಯುತ್ತವೆ.

ಇಷ್ಟೆಲ್ಲ ಮಾಡಿದರೂ ಫೋಟೊಗಳು ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುತ್ತವೆ, ಅಷ್ಟೆ. ಹಾಗೆ ಕೂಡಿದ ಮಾದರಿ ನಿಜವಾದ ನೆಲದ ಮೇಲೆ ಕುಳಿತುಕೊಳ್ಳುವುದು ಜಿಸಿಪಿಯಿಂದ. ನಿಮ್ಮ ನಾಲ್ಕೂ ಗುರುತುಗಳು ರಸ್ತೆಯಂಚಿನಲ್ಲಿ ಒಂದೇ ಸಾಲಿನಲ್ಲಿದ್ದವು. ಒಂದೇ ಬದಿಯ ಕೀಲಿನ ಮೇಲೆ ಕದ ತಿರುಗುವಂತೆ ಇಡೀ ಮಾದರಿ ಆ ಸಾಲಿನ ಮೇಲೆ ವಾಲಬಹುದು. ಡ್ರೋನಿನ ಮಾಮೂಲಿ ಜಿಪಿಎಸ್‌ನಲ್ಲಿ ಮೀಟರುಗಟ್ಟಲೆ ತಪ್ಪಿರುವುದರಿಂದ ಅದು ಆ ವಾಲುವಿಕೆಯನ್ನು ಹಿಡಿದು ನಿಲ್ಲಿಸಲಾರದು. ವರದಿಯ ಎರಡು ಸೆಂಟಿಮೀಟರ್ ಕೀಲಿನ ಬಳಿಯ ಮಾತು. ಮಾದರಿಯನ್ನು ಆ ಗುರುತುಗಳಿಗೇ ಎಳೆದು ಕೂರಿಸಿರುವಾಗ ಅಲ್ಲಿ ತಪ್ಪು ಕಡಿಮೆ ಇರಲೇಬೇಕು.

ನಾನೂ ಒಮ್ಮೆ ಇದೇ ತಪ್ಪು ಮಾಡಿದ್ದೇನೆ. ಮಳೆ ಮುಗಿದ ಹೊಸದು, ಜಾರುವ ಜಂಬಿಟ್ಟಿಗೆ ಮಣ್ಣಿನಲ್ಲಿ ಟೋಟಲ್ ಸ್ಟೇಷನ್‌ನ ಪ್ರಿಸಂ ಕೋಲು ಹೊತ್ತು ಮೇಲೆ ಹತ್ತಲು ಬೇಸರಪಟ್ಟೆ. ಅದರ ಬೆಲೆಯನ್ನು ನಿಮ್ಮ ಸೈಟಿಗೇ ಲೆಕ್ಕ ಹಾಕಿ ನೋಡಿ. ಕೆಳಗೆ ಸೊನ್ನೆ, ಮೇಲೆ 30 ಸೆಂಟಿಮೀಟರ್ ಎಂದರೆ ಸರಾಸರಿ 15 ಸೆಂಟಿಮೀಟರ್ ತಪ್ಪು. ಎರಡು ಎಕರೆ ಸುಮಾರು 8,000 ಚದರ ಮೀಟರ್. ಅಲ್ಲಿಗೆ ತಪ್ಪು 1,200 ಘನ ಮೀಟರ್ ಮಣ್ಣು. ಟಿಪ್ಪರಿಗೆ 10 ಘನ ಮೀಟರ್ ಹಿಡಿದರೆ 120 ಲೋಡ್.

ಇಂಥ ಸೈಟಿಗೆ ನಾನು ಈಗ ಏಳು ಜಿಸಿಪಿ ಇಡುತ್ತೇನೆ. ನಾಲ್ಕು ಮೂಲೆಗಳಲ್ಲಿ ನಾಲ್ಕು, ನಡುವೆ ಒಂದು, ಧರೆಯ ಬುಡದಲ್ಲಿ ಒಂದು, ಧರೆಯ ತಲೆಯ ಮೇಲೆ ಒಂದು. ನಡುವಿನದನ್ನು ಬಿಡಬೇಡಿ. ಕ್ಯಾಮೆರಾ ನೇರ ಕೆಳಗೆ ನೋಡುತ್ತ ಸಮಾನಾಂತರ ಸಾಲುಗಳಲ್ಲೇ ಹಾರಿದಾಗ, ಲೆನ್ಸಿನ ವಕ್ರತೆಯ ಲೆಕ್ಕದಲ್ಲಿ ಉಳಿದ ಸಣ್ಣ ತಪ್ಪಿನಿಂದ ಇಡೀ ನೆಲ ಗುಮ್ಮಟದಂತೆ ಉಬ್ಬಬಹುದು ಅಥವಾ ಬೋಗುಣಿಯಂತೆ ತಗ್ಗಬಹುದು. ಅಂಚಿನ ಗುರುತುಗಳಿಗೆ ಅದು ಕಾಣುವುದೇ ಇಲ್ಲ. ಮೊದಲ ಸಾಲುಗಳಿಗೆ ಅಡ್ಡಲಾಗಿ ಇನ್ನೊಂದು ಹಾರಾಟ ಮಾಡಿ, ಅದರಲ್ಲಿ ಕ್ಯಾಮೆರಾವನ್ನು 20ರಿಂದ 30 ಡಿಗ್ರಿ ಓರೆ ಮಾಡಿದರೆ ಈ ಉಬ್ಬು ಬಹಳಮಟ್ಟಿಗೆ ಇಳಿಯುತ್ತದೆ. ಕಡಿದ ಧರೆಯ ಮುಖವೂ ಆಗ ಸರಿಯಾಗಿ ಕಾಣುತ್ತದೆ.

ಗುರುತಿಗೆ ಕೆಲವರು ಕೆಂಪು ನೆಲದ ಮೇಲೆ ಸುಣ್ಣದಲ್ಲಿ ಗೀಟು ಎಳೆಯುತ್ತಾರೆ. ದೂರದಿಂದ ಚೆನ್ನಾಗಿ ಕಾಣುತ್ತದೆ, ಆದರೆ ಜೂಮ್ ಮಾಡಿದಾಗ ನಡುಬಿಂದು ಎಲ್ಲಿ ಎಂದು ಹೇಳಲಾಗದು. ಪ್ಲೈವುಡ್ ಮೇಲೆ ಕಪ್ಪು–ಬಿಳಿ ಚೌಕದ, 60 ಸೆಂಟಿಮೀಟರ್ ಅಗಲದ, ಹೊಳಪಿಲ್ಲದ ಹಲಗೆ ಮಾಡಿಸಿಕೊಳ್ಳಿ, ನಾಲ್ಕು ಚೌಕ ಕೂಡುವ ಬಿಂದುವಿನಲ್ಲಿ ಕೋಲು ಊರಿ. ಅಳೆಯುವಾಗ ಕೋಲಿನ ಗುಳ್ಳೆ ನಡುವೆ ನಿಂತಿದೆಯೇ ನೋಡಿ. ಎರಡು ಮೀಟರ್ ಕೋಲು ಒಂದು ಡಿಗ್ರಿ ವಾಲಿದರೂ ಅಳತೆ ಮೂರೂವರೆ ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ.

ಕಾರವಾರದ ಕಡೆಯವರು ಇದನ್ನು ಅನುಸರಿಸುವುದಾದರೆ ಮೊದಲು ಡ್ರೋನಿಗೆ ಅನುಮತಿ ಬೇಕಾದ ಜಾಗಗಳನ್ನು ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ತೆರೆಯಬೇಕು. ನೌಕಾನೆಲೆ ಮತ್ತು ಕೈಗಾ ಸ್ಥಾವರ ಇರುವ ಪ್ರದೇಶ ಅದು, ಅನುಮತಿಯಿಲ್ಲದೆ ಹಾರಿಸುವ ಮಾತೇ ಇಲ್ಲ.

ಏಳರ ಜೊತೆಗೆ ಇನ್ನೂ ಮೂರು ಹಲಗೆ ಇಟ್ಟು ಅಳೆಯಿರಿ, ಆದರೆ ಸಾಫ್ಟ್‌ವೇರ್‌ನಲ್ಲಿ ಅವನ್ನು ಚೆಕ್ ಪಾಯಿಂಟ್ ಎಂದೇ ಗುರುತಿಸಿ. ಮಾದರಿಯನ್ನು ಕೂರಿಸಲು ಬಳಸದ ಇವುಗಳ ತಪ್ಪೇ ನಿಮ್ಮ ಸರ್ವೆಯ ನಿಜವಾದ ತಪ್ಪು. ಈ ಎತ್ತರದ ಹಾರಾಟಕ್ಕೆ ಅದು ಲಂಬದಲ್ಲಿ 5 ಸೆಂಟಿಮೀಟರ್ ಒಳಗೆ ಬರಬೇಕು. ಮೂರೂ ಒಂದೇ ದಿಕ್ಕಿಗೆ ಒಂದೇ ಅಳತೆಯಷ್ಟು ತಪ್ಪಿದ್ದರೆ ಕೋಲಿನ ಎತ್ತರವನ್ನು ತಪ್ಪಾಗಿ ನಮೂದಿಸಿದ್ದೀರಾ ನೋಡಿ. ಮೇಲಕ್ಕೆ ಹೋದಂತೆ ತಪ್ಪು ಬೆಳೆದರೆ ಮಾದರಿ ವಾಲಿದೆ. ನಡುವೆ ಒಂದು ಕಡೆಗೆ, ಅಂಚಿನಲ್ಲಿ ಇನ್ನೊಂದು ಕಡೆಗೆ ತಪ್ಪಿದ್ದರೆ ಗುಮ್ಮಟವೋ ಬೋಗುಣಿಯೋ ಆಗಿದೆ.

ಈಗಾಗಲೇ ತೆಗೆದ ಫೋಟೊಗಳನ್ನು ಎಸೆಯಬೇಡಿ. ಮೇಲ್ತುದಿಯ ಫೋಟೊಗಳನ್ನು ತೆರೆದು, ಅಂದಿನಿಂದ ಇಂದಿಗೂ ಅಲುಗದ ವಸ್ತುಗಳನ್ನು ಹುಡುಕಿ: ಗಡಿಕಲ್ಲಿನ ತಲೆ, ಚಿರೆಕಲ್ಲು ಪಾಗಾರದ ಮೂಲೆ, ಸಿಮೆಂಟ್ ತೊಟ್ಟಿಯ ಅಂಚು. ಹೆಚ್ಚಿನ ಫೋಟೊಗಳಲ್ಲಿ ಸ್ಪಷ್ಟವಾಗಿ ಕಾಣುವ ಮೂರು ಸಿಕ್ಕರೂ ಟೋಟಲ್ ಸ್ಟೇಷನ್‌ನಲ್ಲಿ ಅಳೆದು, ಎರಡನ್ನು ಜಿಸಿಪಿಯಾಗಿ, ಒಂದನ್ನು ಚೆಕ್ ಪಾಯಿಂಟ್ ಆಗಿ ಕೊಟ್ಟು ಮತ್ತೆ ಸಂಸ್ಕರಿಸಿ. ಆ ಒಂದರ ತಪ್ಪು 5 ಸೆಂಟಿಮೀಟರ್ ಒಳಗೆ ಬಂದರೆ ವಾಲಿಕೆ ಹೋಗಿದೆ ಎಂದರ್ಥ. ಬಾರದಿದ್ದರೆ ಮಣ್ಣಿನ ಬಿಲ್ಲಿಗೆ ಸಹಿ ಹಾಕುವ ಮೊದಲು ಮೇಲಿನಿಂದ ಮತ್ತೊಮ್ಮೆ ಹಾರಿಸಿ.