15 ವರ್ಷದ ರಿಟರ್ನ್ ನೋಡಿ ಫಂಡ್ ಆರಿಸುವ ಮುನ್ನ

"ಈ ಫಂಡ್ 15 ವರ್ಷದಲ್ಲಿ ನಿಫ್ಟಿಗಿಂತ ಜಾಸ್ತಿ ಕೊಟ್ಟಿದೆ, ಮತ್ಯಾಕೆ ಸರ್ ಇಂಡೆಕ್ಸ್ ಫಂಡ್?" ಸಲಹೆಗೆ ಬರುವವರು ನನಗೆ ಪದೇ ಪದೇ ಕೇಳುವ ಪ್ರಶ್ನೆ ಇದು. ಇಂಡೆಕ್ಸ್ ಫಂಡ್ ಅಂದರೆ ನಿಫ್ಟಿಯಂಥ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಇಟ್ಟುಕೊಳ್ಳುವ ಫಂಡ್. ಅವರು ಹೇಳುವುದು ದೊಡ್ಡ ಕಂಪನಿಗಳಲ್ಲಿ ಹೂಡುವ ಲಾರ್ಜ್ ಕ್ಯಾಪ್ ಫಂಡ್ ಆಗಿದ್ದರೆ, ಆ 15 ವರ್ಷದಲ್ಲಿ ಎಷ್ಟು ವರ್ಷ 2018ಕ್ಕಿಂತ ಹಿಂದಿನವು ಅಂತ ಮೊದಲು ನೋಡುತ್ತೇನೆ.

ಯಾಕೆಂದರೆ ಆಗ ಹೋಲಿಕೆಯೇ ಸರಿ ಇರಲಿಲ್ಲ. ಫಂಡಿನ ಗಳಿಕೆಯಲ್ಲಿ ಷೇರುಗಳ ಡಿವಿಡೆಂಡ್ ಸೇರಿರುತ್ತಿತ್ತು, ಪಕ್ಕದಲ್ಲಿ ತೋರಿಸುತ್ತಿದ್ದ ಸೂಚ್ಯಂಕದಲ್ಲಿ ಸಾಮಾನ್ಯವಾಗಿ ಸೇರಿರುತ್ತಿರಲಿಲ್ಲ. ನಿಫ್ಟಿ 50ರಲ್ಲಿ ಡಿವಿಡೆಂಡ್ ವರ್ಷಕ್ಕೆ ಸುಮಾರು 1 ಶೇಕಡಾಕ್ಕಿಂತ ತುಸು ಮೇಲೆ. ಅಷ್ಟು ಗೆಲುವು ಸುಮ್ನೆ ಸಿಗುತ್ತಿತ್ತು. 2018ರ ಫೆಬ್ರವರಿಯಿಂದ ಡಿವಿಡೆಂಡ್ ಸೇರಿಸಿದ ಸೂಚ್ಯಂಕದ ಜೊತೆಗೇ, ಅಂದರೆ ಟಿಆರ್‌ಐ ಜೊತೆಗೇ ಹೋಲಿಸಬೇಕು ಅಂತ ಮಾರುಕಟ್ಟೆ ನಿಯಂತ್ರಕ ಸೆಬಿ ನಿಯಮ ತಂದಿತು. ಅದಕ್ಕೂ ಸ್ವಲ್ಪ ಮೊದಲು, 2017ರ ಅಕ್ಟೋಬರ್‌ನಲ್ಲಿ, ಲಾರ್ಜ್ ಕ್ಯಾಪ್ ಫಂಡ್ ತನ್ನ ಹಣದ ಕನಿಷ್ಠ 80 ಶೇಕಡಾವನ್ನು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಲ್ಲೇ ಇಡಬೇಕು ಅಂತಲೂ ಹೇಳಿತ್ತು. ಅಲ್ಲಿಯವರೆಗೆ ಎಷ್ಟೋ ಮ್ಯಾನೇಜರ್‌ಗಳು ಅವುಗಳಿಗಿಂತ ಚಿಕ್ಕ ಕಂಪನಿಗಳ, ಅಂದರೆ ಮಿಡ್ ಕ್ಯಾಪ್ ಷೇರುಗಳನ್ನು ಧಾರಾಳವಾಗಿ ಸೇರಿಸಿಕೊಳ್ಳುತ್ತಿದ್ದರು, ಆ ಷೇರುಗಳು ಏರಿದಾಗ ಫಂಡ್ ನಿಫ್ಟಿಯನ್ನು ಹಿಂದೆ ಹಾಕಿದಂತೆ ಕಾಣುತ್ತಿತ್ತು. ಈಗ ಆ ದಾರಿ ತುಂಬಾ ಕಿರಿದಾಗಿದೆ. ಜೊತೆಗೆ, ಸರಿಯಾಗಿ ನಡೆಯದೆ ಬೇರೆ ಫಂಡಿನಲ್ಲಿ ವಿಲೀನವಾದವು ಇವತ್ತಿನ ಪಟ್ಟಿಯಲ್ಲಿ ಇರುವುದೇ ಇಲ್ಲ, ಉಳಿದವನ್ನಷ್ಟೇ ನಾವು ನೋಡುತ್ತೇವೆ.

ಈಗ ಖರ್ಚಿನ ವಿಷಯ. 10 ಲಕ್ಷ ರೂಪಾಯಿ, 15 ವರ್ಷ, ಖರ್ಚು ಕಳೆಯುವ ಮುಂಚೆ ವರ್ಷಕ್ಕೆ 12 ಶೇಕಡಾ ಗಳಿಕೆ ಅಂತ ಇಟ್ಟುಕೊಳ್ಳೋಣ. 0.2 ಶೇಕಡಾ ಖರ್ಚಿನ ಇಂಡೆಕ್ಸ್ ಫಂಡಿನಲ್ಲಿ ಅದು ಸುಮಾರು 53.3 ಲಕ್ಷ ಆಗುತ್ತದೆ. ಮ್ಯಾನೇಜರ್ ಷೇರು ಆರಿಸುವ ಆಕ್ಟಿವ್ ಫಂಡನ್ನು ಏಜೆಂಟ್ ಇಲ್ಲದೆ ನೇರವಾಗಿ ಕೊಂಡರೆ, ಅಂದರೆ 0.8 ಶೇಕಡಾ ಖರ್ಚಿನ ಡೈರೆಕ್ಟ್ ಪ್ಲಾನ್‌ನಲ್ಲಿ, 49.2 ಲಕ್ಷ. ಏಜೆಂಟ್ ಕಮಿಷನ್ ಸೇರಿ 1.8 ಶೇಕಡಾ ಇರುವ ರೆಗ್ಯುಲರ್ ಪ್ಲಾನ್‌ನಲ್ಲಿ 42.9 ಲಕ್ಷ. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ವ್ಯತ್ಯಾಸ 10 ಲಕ್ಷಕ್ಕಿಂತ ಜಾಸ್ತಿ, ಅಂದರೆ ನೀವು ಹಾಕಿದ ಅಸಲಿನಷ್ಟು.

ಇದನ್ನು ಮ್ಯಾನೇಜರ್ ದುಡಿದು ತುಂಬಿಕೊಡಬಹುದಲ್ವಾ? ತುಂಬಬಹುದು, ಆದರೆ ಅವರ ಕೈಯಲ್ಲಿ ಎಷ್ಟು ಹಣ ನಿಜಕ್ಕೂ ಬೇರೆ ಥರ ಹೂಡಿದೆ ಅಂತ ನೋಡಬೇಕು. ಫಂಡ್ ಪ್ರತಿ ತಿಂಗಳು ಕೊಡುವ ಷೇರುಗಳ ಪಟ್ಟಿಯನ್ನು ನಿಫ್ಟಿ ಪಟ್ಟಿಯ ಪಕ್ಕ ಇಡಿ. ಒಂದು ಷೇರು ನಿಫ್ಟಿಯಲ್ಲಿ 10 ಶೇಕಡಾ, ಫಂಡಿನಲ್ಲಿ 8 ಶೇಕಡಾ ಇದ್ದರೆ ಕಡಿಮೆ ಇರುವ 8 ಬರೆದುಕೊಳ್ಳಿ, ಹೀಗೆ ಎಲ್ಲವನ್ನೂ ಕೂಡಿ. ಮೊತ್ತ 60 ಬಂತು ಅಂದರೆ, ನಿಮ್ಮ ಹಣದ 60 ಶೇಕಡಾ ಹೇಗೂ ನಿಫ್ಟಿಯೇ. ಹೆಚ್ಚಿನ ಖರ್ಚನ್ನು ಉಳಿದ 40 ಶೇಕಡಾ ಹೊರಬೇಕು. ಡೈರೆಕ್ಟ್ ಪ್ಲಾನ್‌ನ ಹೆಚ್ಚುವರಿ ಖರ್ಚು 0.6 ಶೇಕಡಾ, ಆದ್ದರಿಂದ ಬರೀ ಇಂಡೆಕ್ಸ್ ಫಂಡಿಗೆ ಸಮ ಆಗಲು ಆ 40 ಶೇಕಡಾ ಭಾಗ ವರ್ಷಕ್ಕೆ 1.5 ಶೇಕಡಾ ಜಾಸ್ತಿ ಗಳಿಸಬೇಕು. ರೆಗ್ಯುಲರ್ ಪ್ಲಾನ್ ಆದರೆ 4 ಶೇಕಡಾ, ಅದೂ ಸರಾಸರಿ 15 ವರ್ಷ. ಎಲ್ಲರೂ ಅಳೆದು ತೂಗಿರುವ ದೊಡ್ಡ ಕಂಪನಿಗಳಲ್ಲಿ ಇದು ತೀರಾ ಕಷ್ಟ. ಅದಕ್ಕೇ ಲಾರ್ಜ್ ಕ್ಯಾಪ್‌ಗೆ ನಾನು ಇಂಡೆಕ್ಸ್ ಫಂಡನ್ನೇ ಹೇಳುವುದು.

ಮಿಡ್ ಕ್ಯಾಪ್‌ಗಿಂತಲೂ ಚಿಕ್ಕ ಕಂಪನಿಗಳ ಸ್ಮಾಲ್ ಕ್ಯಾಪ್‌ನಲ್ಲಿ ನನ್ನ ಮಾತು ಬೇರೆ. ಅಲ್ಲಿ ಎಷ್ಟೋ ಕಂಪನಿಗಳನ್ನು ಆಳವಾಗಿ ಓದುವವರೇ ಕಡಿಮೆ. ಸೂಚ್ಯಂಕದ ರಚನೆಯಲ್ಲೂ ತೊಡಕಿದೆ: ಚೆನ್ನಾಗಿ ಬೆಳೆದ ಕಂಪನಿ ದೊಡ್ಡದಾಯಿತು ಅಂತ ಹೊರಗೆ ಹೋಗುತ್ತದೆ, ಕುಸಿದ ಮಿಡ್ ಕ್ಯಾಪ್ ಕಂಪನಿ ಒಳಗೆ ಬರುತ್ತದೆ, ಲೆಕ್ಕಪತ್ರ ಅನುಮಾನ ಹುಟ್ಟಿಸಿದರೂ ಪಟ್ಟಿಯಲ್ಲಿರುವವರೆಗೆ ಇಂಡೆಕ್ಸ್ ಫಂಡ್ ಅದನ್ನು ಇಟ್ಟುಕೊಳ್ಳಲೇಬೇಕು. ಇಲ್ಲಿ "ಇದು ಬೇಡ" ಅನ್ನಬಲ್ಲ ಮ್ಯಾನೇಜರ್‌ಗೆ 0.5 ಶೇಕಡಾ ಜಾಸ್ತಿ ಕೊಡುವುದು ನನಗೆ ಒಪ್ಪಿಗೆ. ಆದರೆ ಡೈರೆಕ್ಟ್ ಪ್ಲಾನ್‌ನಲ್ಲಿ ಮಾತ್ರ, ಮತ್ತು ಹಳೆಯ ಗಳಿಕೆ ತಂದವರೇ ಇನ್ನೂ ಫಂಡ್ ನಡೆಸುತ್ತಿದ್ದರೆ ಮಾತ್ರ. ಗಾತ್ರವನ್ನೂ ನೋಡಿ. 2024ರ ಮಾರ್ಚ್‌ನಿಂದ ಮಿಡ್ ಮತ್ತು ಸ್ಮಾಲ್ ಕ್ಯಾಪ್ ಫಂಡ್‌ಗಳು ತಮ್ಮ ಷೇರುಗಳಲ್ಲಿ ಕಾಲುಭಾಗ, ಅರ್ಧಭಾಗ ಮಾರಲು ಎಷ್ಟು ದಿನ ಬೇಕು ಅಂತ ಪ್ರಕಟಿಸುತ್ತಿವೆ. ಆ ದಿನಗಳು ಏರುತ್ತಲೇ ಹೋದರೆ, ಹಣ ಜಾಸ್ತಿಯಾಗಿ ಮ್ಯಾನೇಜರ್‌ಗೆ ಕೈಕಾಲು ಆಡಿಸಲು ಜಾಗ ಕಡಿಮೆಯಾಗುತ್ತಿದೆ ಅಂತ ಅರ್ಥ.

ಈಗಾಗಲೇ ದುಬಾರಿ ಲಾರ್ಜ್ ಕ್ಯಾಪ್ ಫಂಡಿನಲ್ಲಿ ಇರುವವರು ಒಂದೇ ದಿನ ಎಲ್ಲ ಮಾರಬೇಡಿ. ಹೊಸ ಎಸ್‌ಐಪಿಯನ್ನು ಇಂಡೆಕ್ಸ್ ಫಂಡಿಗೆ ತಿರುಗಿಸಿ. ಹಳೆಯದರಲ್ಲಿ, ಷೇರು ಮತ್ತು ಈಕ್ವಿಟಿ ಫಂಡ್‌ಗಳಿಂದ ಬರುವ ದೀರ್ಘಾವಧಿ ಲಾಭ ವರ್ಷಕ್ಕೆ ಒಟ್ಟು 1.25 ಲಕ್ಷ ರೂಪಾಯಿ ದಾಟದಷ್ಟನ್ನು ಪ್ರತಿ ಹಣಕಾಸು ವರ್ಷ ಮಾರಿ ಬದಲಾಯಿಸುತ್ತಾ ಬಂದರೆ, ಆ ಲಾಭದ ಮೇಲಿನ 12.5 ಶೇಕಡಾ ತೆರಿಗೆ ಬೀಳುವುದಿಲ್ಲ.